‘ಪರವಾಗಿಲ್ಲ, ನೀನೂ ಚೆನ್ನಾಗಿ ಮಾಡ್ತೀಯ’: ಹೊಗಳಿಕೆಯೊಳಗಿನ ಮುಳ್ಳು ಗುರುತಿಸೋದು ಹೇಗೆ, ಉತ್ತರ ಕೊಡ್ಬೇಕಾ ಬೇಡ್ವಾ?

ತಿಪಟೂರು: ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಂದಿಯಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟುಕೊಂಡಿರುವ ಅಕ್ಕ ಒಬ್ಬರಿದ್ದಾರೆ. ಎರಡು ಮಿಷಿನ್ನು, ಕೆಲಸ ಕಲಿಯೋಕೆ ಬರುವ ಒಬ್ಬಳು ಹುಡುಗಿ, ಗೋಡೆಗೆ ಒಂದು ಕನ್ನಡಿ. ಅಷ್ಟೇ ಅಂಗಡಿ. ಹೆಸರು ಹಾಕಬೇಡಪ್ಪ ಅಂದಿದ್ದಾರೆ, ಹಾಗಾಗಿ ಇಲ್ಲಿ ಬರೀ ಅಕ್ಕ ಅಂತಲೇ ಬರೀತೀನಿ. ಹೋದ ವರ್ಷ ಅವರ ಅಂಗಡಿಗೆ ಹೊಸದಾಗಿ ಬರೋಕೆ ಶುರು ಮಾಡಿದ ಗಿರಾಕಿಯೊಬ್ಬರು ರೇಷ್ಮೆ ಸೀರೆಯ ಬ್ಲೌಸ್ ಹೊಲಿಸಿಕೊಂಡು, ಕನ್ನಡಿ ಮುಂದೆ ಹಿಂದೆ ಮುಂದೆ ತಿರುಗಿ ನೋಡಿಕೊಂಡು ಹೇಳಿದ ಮಾತಿದು:

‘ಅಯ್ಯೋ, ಈ ಸಂದೀಲಿ ಕೂತ್ಕೊಂಡೂ ಇಷ್ಟು ಚೆನ್ನಾಗಿ ಹೊಲ್ದಿದೀಯಲ್ಲೇ! ನಾನಂತೂ ಅಂದ್ಕೊಂಡೇ ಇರ್ಲಿಲ್ಲ.’

ಅಕ್ಕ ನಕ್ಕು ‘ಥ್ಯಾಂಕ್ಸ್ ಅಮ್ಮ’ ಅಂದರು. ಆಮೇಲೆ ಆ ಅಮ್ಮ ದುಡ್ಡು ಕೊಟ್ಟು ಹೋದರು. ರಾತ್ರಿ ಮನೆಗೆ ಹೋಗಿ ಪಾತ್ರೆ ತೊಳೆಯುವಾಗ ಅಕ್ಕನಿಗೆ ಅನ್ನಿಸಿದ್ದು, ‘ಅಲ್ಲಾ, ಅವರು ನನ್ನ ಹೊಗಳಿದ್ರಾ ಬೈದ್ರಾ?’

ಈ ಪ್ರಶ್ನೆ ಕೌಂಟರ್ ಹಿಂದೆ ಕೂರುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಬಂದಿರುತ್ತೆ. ನೇರವಾಗಿ ಬೈದರೆ ಏನು ಮಾಡಬೇಕು ಅಂತ ನಮಗೆ ಗೊತ್ತು. ಹೊಗಳಿದರೂ ಗೊತ್ತು. ಎರಡೂ ಒಂದೇ ಮಾತಲ್ಲಿ ಬಂದಾಗ ಕೈಕಾಲು ಆಡಲ್ಲ. ನಮ್ಮ ಕಡೆ ಇದಕ್ಕೆ ಕೊಂಕು ಮಾತು ಅಂತಾರೆ, ಕುಹಕ ಅಂತಾರೆ. ಪಿಯುಸಿಯಲ್ಲಿ ನಮ್ಮ ಕನ್ನಡ ಲೆಕ್ಚರರ್ ವ್ಯಾಜಸ್ತುತಿ ಅಂತ ಒಂದು ಅಲಂಕಾರ ಹೇಳಿಕೊಟ್ಟಿದ್ದರು. ಮೇಲ್ನೋಟಕ್ಕೆ ಹೊಗಳಿಕೆ, ಒಳಗೆ ನಿಂದೆ. ಅಥವಾ ಮೇಲೆ ನಿಂದೆ, ಒಳಗೆ ಹೊಗಳಿಕೆ. ದಾಸರು ದೇವರನ್ನ ಬೈದ ಹಾಗೆ ಹಾಡಿ ಹೊಗಳೋದು ಎರಡನೇ ತರದ್ದು. ನಮ್ಮ ಅಂಗಡಿ ಮುಂದೆ ನಡೆಯೋದು ಮೊದಲನೇದು. ಅಂದ್ರೆ ಈ ವಿದ್ಯೆ ಹೊಸದೇನಲ್ಲ, ಸಾವಿರಾರು ವರ್ಷದಿಂದ ಜನ ಇದನ್ನ ಮಾಡ್ತಾನೇ ಬಂದಿದ್ದಾರೆ. (ಡಿಗ್ರಿ ಮುಗಿಸದೇ ಇದ್ದರೂ ಅಲಂಕಾರ ಎಲ್ಲ ನೆನಪಿಟ್ಟುಕೊಂಡಿದಾನೆ ಅಂತ ಈಗ ಯಾರೋ ಅಂದ್ಕೊಳ್ತಾ ಇರ್ತೀರ. ನೋಡಿ, ಅದೂ ಅದೇ ಜಾತಿ ಮಾತು.)

ಮುಳ್ಳು ಇರೋದು ಸಣ್ಣ ಅಕ್ಷರದಲ್ಲಿ

ಇಂಥ ಮಾತಿನ ಗುಟ್ಟು ಒಂದೇ. ಹೊಗಳಿಕೆ ಜೊತೆಗೆ ಒಂದು ಹೋಲಿಕೆ ಸೇರಿಕೊಂಡಿರುತ್ತೆ. ಆ ಹೋಲಿಕೆಯಲ್ಲಿ ನೀವು ಕೆಳಗೆ ಇರ್ತೀರ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಸಂಶೋಧಕರು ಇದರ ಮೇಲೇ ಕೂತು ಅಧ್ಯಯನ ಮಾಡಿದ್ದಾರೆ. ಅವರು ಹೇಳೋದು ಇಷ್ಟು: ಕೊಂಕು ಸೇರಿಸಿ ಹೊಗಳುವವರು ಎರಡು ಲಾಭ ಲೆಕ್ಕ ಹಾಕಿರ್ತಾರೆ. ಎದುರಿನವರಿಗೆ ಖುಷಿಯೂ ಆಗಬೇಕು, ತಾನು ಅವರಿಗಿಂತ ಒಂದು ಮೆಟ್ಟಿಲು ಮೇಲೆ ಅಂತಲೂ ಕಾಣಬೇಕು. ಆದರೆ ಎರಡೂ ಸಿಗಲ್ಲ. ಕೇಳಿಸಿಕೊಂಡವರಿಗೆ ಅವರು ಇಷ್ಟವೂ ಆಗಲ್ಲ, ದೊಡ್ಡವರಾಗಿಯೂ ಕಾಣಲ್ಲ. ಜೊತೆಗೆ ಕೇಳಿಸಿಕೊಂಡವರಿಗೆ ಕೆಲಸದ ಮೇಲಿನ ಹುರುಪು ಕುಗ್ಗುತ್ತೆ. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ, ಟೈಲರ್ ಅಂಗಡಿಯ ಆ ಹುಡುಗಿ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಕನ್ನಡದಲ್ಲಿ ಈ ಹೋಲಿಕೆಯನ್ನ ಬಚ್ಚಿಡೋಕೆ ದೊಡ್ಡ ಮಾತೇನೂ ಬೇಕಿಲ್ಲ. ಒಂದು ‘ಊ’ ಸಾಕು. ‘ನೀನು ಚೆನ್ನಾಗಿ ಅಡುಗೆ ಮಾಡ್ತೀಯ’ ಅನ್ನೋದಕ್ಕೂ ‘ನೀನೂ ಚೆನ್ನಾಗಿ ಅಡುಗೆ ಮಾಡ್ತೀಯ’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೇದು ಹೊಗಳಿಕೆ. ಎರಡನೇದರಲ್ಲಿ, ಅಡುಗೆ ಮಾಡುವವರ ಪಟ್ಟಿ ಮೊದಲೇ ಒಂದಿತ್ತು, ಅದರಲ್ಲಿ ನಿನ್ನ ಹೆಸರು ಇರಲಿಲ್ಲ, ಈಗ ಹೋಗಲಿ ಅಂತ ಕೊನೆಗೆ ಸೇರಿಸಿದೀನಿ ಅನ್ನೋ ಅರ್ಥ ಬರುತ್ತೆ. ಟೈಲರ್ ಅಕ್ಕನಿಗೆ ಬಿದ್ದ ಮಾತಲ್ಲೂ ಅದೇ. ‘ಸಂದೀಲಿ ಕೂತ್ಕೊಂಡು’ ಅಂದಿದ್ದರೆ ಬರೀ ಜಾಗದ ಸುದ್ದಿ. ‘ಕೂತ್ಕೊಂಡೂ’ ಅಂದಾಗ, ಸಂದೀಲಿ ಕೂರುವವರಿಗೆ ಹೊಲಿಗೆ ಬರಲ್ಲ ಅನ್ನೋದು ಮೊದಲೇ ತೀರ್ಮಾನ ಆಗಿಹೋಗಿದೆ.

‘ಅಂತೂ’ ಇನ್ನೊಂದು. ‘ಅಂತೂ ಅಂಗ್ಡಿ ಚೆನ್ನಾಗಿ ಮಾಡ್ದೆ ಕಣಪ್ಪ’ ಅಂದರೆ, ಇಷ್ಟು ದಿನ ಚೆನ್ನಾಗಿರಲಿಲ್ಲ ಅಂತ. ‘ಪಾಪ’ ಕೂಡ ಹಾಗೇ. ‘ಪಾಪ, ಬಹಳ ಕಷ್ಟಪಟ್ಟು ಮಾಡಿದ್ದಾನೆ’ ಅಂತ ಊಟ ಮಾಡಿ ಎದ್ದವರು ಹೇಳಿದರೆ, ಊಟ ಹೇಗಿತ್ತು ಅಂತ ಹೇಳಲೇ ಇಲ್ಲ ಅನ್ನೋದನ್ನ ಗಮನಿಸಿ. ಮಾತಿನ ಕೊನೆಗೆ ಬರುವ ‘ಬಿಡು’, ‘ಬಿಡಪ್ಪ’ ಸ್ವಲ್ಪ ಎರಡು ಅಲಗಿನ ಕತ್ತಿ. ‘ನೀವು ದೊಡ್ಡವರು ಬಿಡಪ್ಪ’ ಅಂತ ಸ್ನೇಹಿತ ತಮಾಷೆಗೂ ಹೇಳಬಹುದು, ಹೊಟ್ಟೆಕಿಚ್ಚಿನವನು ಉರಿಯಿಂದಲೂ ಹೇಳಬಹುದು. ಅಲ್ಲಿ ದನಿ ಕೇಳಿಯೇ ಗೊತ್ತಾಗಬೇಕು. ಹಳೇ ಕಾವ್ಯಶಾಸ್ತ್ರದವರು ಇದಕ್ಕೆ ಕಾಕು ಅಂತಲೇ ಹೆಸರಿಟ್ಟಿದ್ದಾರೆ, ಅಂದರೆ ಮಾತು ಅದೇ ಇದ್ದರೂ ದನಿಯ ಏರಿಳಿತದಿಂದ ಅರ್ಥ ಬದಲಾಗೋದು.

ಅನುಮಾನ ಬಂದಾಗ ಮಾಡಿ ನೋಡೋಕೆ ಒಂದು ಸುಲಭದ ದಾರಿ ಇದೆ. ಆ ಸಣ್ಣ ಪದವನ್ನ ತೆಗೆದು ಮಾತನ್ನ ಮನಸ್ಸಲ್ಲೇ ಮತ್ತೆ ಹೇಳಿಕೊಳ್ಳಿ. ‘ಇಷ್ಟು ಚೆನ್ನಾಗಿ ಹೊಲ್ದಿದೀಯ.’ ಈಗ ಮುಳ್ಳು ಹೋಯ್ತಾ? ಹೋಯ್ತು. ಹಾಗಾದರೆ ಅದು ಆ ಪದದಲ್ಲೇ ಇತ್ತು, ಹೊಗಳಿಕೆ ಮಾತ್ರ ನಿಜಾನೇ. ಕೆಲವು ಮಾತಿನಲ್ಲಿ ಹೀಗೆ ತೆಗೆದರೆ ಏನೂ ಉಳಿಯಲ್ಲ. ‘ನಿನ್ನ ಧೈರ್ಯ ಮೆಚ್ಚಬೇಕು ಕಣಯ್ಯ, ಇಂಥ ಜಾಗದಲ್ಲಿ ಬೇಕರಿ ಹಾಕಿದೀಯಲ್ಲ’ ಅನ್ನೋದನ್ನ ತೆಗೆದುಕೊಳ್ಳಿ. ಹೋಲಿಕೆ ತೆಗೆದರೆ ಬೇಕರಿ ಬಗ್ಗೆ ಒಳ್ಳೇ ಮಾತು ಒಂದೂ ಇಲ್ಲ. ಅದು ಹೊಗಳಿಕೆ ಅಂಗಿ ತೊಟ್ಟ ಬೈಗುಳ. ಇನ್ನೊಂದು ಪರೀಕ್ಷೆ: ಇದೇ ಮಾತನ್ನ ಇವರು ಮೇನ್ ರೋಡಿನ ದೊಡ್ಡ ಅಂಗಡಿ ಸಾಹುಕಾರರಿಗೆ ಹೇಳ್ತಿದ್ರಾ ಅಂತ ಯೋಚಿಸಿ. ಹೇಳ್ತಿರಲಿಲ್ಲ ಅನ್ನಿಸಿದರೆ, ಅವರು ನಿಮ್ಮನ್ನ ಎಲ್ಲಿ ಕೂರಿಸಿದ್ದಾರೆ ಅಂತ ಗೊತ್ತಾಯ್ತಲ್ಲ.

ತಪ್ಪು ತಿಳಿಯೋದೂ ಅಷ್ಟೇ ಸುಲಭ

ಇಲ್ಲೊಂದು ಎಚ್ಚರ ಬೇಕು. ನಮ್ಮ ಕಡೆ ಹಳಬರು ‘ಪರವಾಗಿಲ್ಲ’ ಅಂದರೆ ಅದು ಕೊಂಕು ಅಲ್ಲ, ಫಸ್ಟ್ ಕ್ಲಾಸ್ ಅಂತ ಅರ್ಥ. ಬಾಯ್ತುಂಬ ಹೊಗಳಿದರೆ ದೃಷ್ಟಿ ಆಗುತ್ತೆ ಅಂತ ನಂಬಿಕೊಂಡು ಬಂದವರು ಅವರು. ಮಗು ದುಂಡಗೆ ಇದ್ದರೂ ‘ಏನೋ ಇದೆ’ ಅನ್ನುವವರು. ನಮ್ಮಜ್ಜಿ ಜೀವಮಾನದಲ್ಲಿ ನಮ್ಮಮ್ಮನ ಸಾರಿಗೆ ‘ಪರವಾಗಿಲ್ಲ ಕಣೆ’ ಬಿಟ್ಟು ಬೇರೆ ಮಾತು ಹೇಳಿಲ್ಲ. ಆದರೆ ಎರಡು ಸಲ ಬಡಿಸಿಕೊಳ್ಳೋರು. ಅಂಥವರ ಮಾತನ್ನ ತೂಗಬೇಕಾದರೆ ಬಾಯಿ ನೋಡಬೇಡಿ, ಕೈ ನೋಡಿ. ಮತ್ತೆ ನಿಮ್ಮ ಅಂಗಡಿಗೇ ಬರ್ತಾರಾ? ಇನ್ನೊಬ್ಬರನ್ನ ಕರ್ಕೊಂಡು ಬರ್ತಾರಾ? ಹಾಗಿದ್ದರೆ ಅದು ಹೊಗಳಿಕೆಯೇ.

ಬೇರೆ ಸೀಮೆಯವರ ಮಾತೂ ಹೀಗೇ ತಪ್ಪು ಅರ್ಥ ಆಗುತ್ತೆ. ಬಸ್ ಸ್ಟ್ಯಾಂಡ್ ಹೋಟ್ಲಿಗೆ ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್ ಬಂದು ಜೋರು ದನಿಯಲ್ಲಿ ‘ಏನ್ಪಾ, ನಿಮ್ಮ ಕಡೇನೂ ಚಲೋ ಚಾ ಸಿಗತೈತಲ್ಲ’ ಅಂದ ಅಂತ ಇಟ್ಟುಕೊಳ್ಳಿ. ‘ಊ’ ಇದೆ, ನಿಜ. ಆದರೆ ಅವನು ಎರಡನೇ ಕಪ್ ಕೇಳಿದರೆ ಅದರಲ್ಲಿ ಮುಳ್ಳು ಹುಡುಕುತ್ತಾ ಕೂರಬಾರದು. ಅವರ ಮಾತಿನ ದನಿಯೇ ನಮಗಿಂತ ಎತ್ತರ.

ಇನ್ನು ವ್ಯಾಪಾರದಲ್ಲಿ ಮಾತ್ರ ಕಾಣುವ ಒಂದು ತರ ಇದೆ. ಇದನ್ನ ಗುರುತಿಸೋಕೆ ಗೊತ್ತಿಲ್ಲದೆ ಸುಮ್ಮನೆ ಬೇಜಾರು ಮಾಡಿಕೊಳ್ಳುವವರು ಬಹಳ ಜನ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿಸಿ ಸುಲಿದ ಉಂಡೆ ಕೊಬ್ಬರಿ ನೋಡೋಕೆ ತೋಟದ ಮನೆಗೆ ವ್ಯಾಪಾರಿ ಬರ್ತಾನೆ. ಒಂದು ಹೋಳು ಮುರಿದು ನೋಡಿ, ‘ಪರವಾಗಿಲ್ಲ ಕಣಣ್ಣ, ಈ ಸಲ ನಿನ್ ಕೊಬ್ಬರಿನೂ ಚೆನ್ನಾಗಿ ಬಂದಿದೆ’ ಅಂತಾನೆ. ರೈತನಿಗೆ ಉರಿಯುತ್ತೆ, ಹಂಗಾದ್ರೆ ಹೋದ ಸಲ ಚೆನ್ನಾಗಿರಲಿಲ್ವಾ ಅಂತ. ಆದರೆ ಅವನ ಮುಂದಿನ ಮಾತು ಕೇಳಿ: ‘ಹೇಳು, ಎಷ್ಟಕ್ಕೆ ಕೊಡ್ತೀಯ?’ ಅಂದರೆ ಅದು ಅವಮಾನ ಮಾಡೋಕೆ ಆಡಿದ ಮಾತಲ್ಲ, ಚೌಕಾಸಿಯ ಮೊದಲನೇ ಮೆಟ್ಟಿಲು. ಮಾಲು ಕೆಟ್ಟದು ಅಂದರೆ ರೈತ ಎದ್ದು ಹೋಗ್ತಾನೆ, ಬಹಳ ಚೆನ್ನಾಗಿದೆ ಅಂದರೆ ರೇಟು ಏರುತ್ತೆ. ಅದಕ್ಕೇ ಹೊಗಳುತ್ತಲೇ ಒಂದು ದರ್ಜೆ ಇಳಿಸೋದು. ಇಲ್ಲಿ ಹೋದ ಸಲದ ಕೊಬ್ಬರಿಯ ಮಾನ ಕಾಪಾಡೋಕೆ ಹೊರಟರೆ ಈ ಸಲದ ರೇಟು ಕೈ ತಪ್ಪುತ್ತೆ. ‘ಮಾರ್ಕೆಟ್ಟಲ್ಲಿ ಇವತ್ತು ಏನು ನಡೀತಿದೆ ಹೇಳಣ್ಣ’ ಅಂತ ಸೀದಾ ರೇಟಿನ ಮಾತಿಗೆ ಬರೋದು ಸರಿ.

ಟೈಲರ್ ಅಕ್ಕನ ಅದೇ ಗಿರಾಕಿ ಎರಡನೇ ಸಲ ಬಂದಾಗ ಆಡಿದ್ದೂ ಇದೇ ತರದ ಮಾತು. ‘ನಿನ್ ರೇಟಿಗೆ ಈ ಕೆಲಸ ತುಂಬಾನೇ ಚೆನ್ನಾಗಿದೆ ಬಿಡು.’ ಅಂಗಡಿಯಲ್ಲಿ ಇನ್ನೂ ಇಬ್ಬರು ಹೆಂಗಸರು ಕೂತಿದ್ದರು. ಅಕ್ಕ ಅವತ್ತು ಜಾಣತನ ಮಾಡಿದರು. ‘ಹೌದಮ್ಮ, ಲೈನಿಂಗ್ ಹಾಕಿ 450 ತಗೋತೀನಿ. ಗೌರಿ ಹಬ್ಬದಿಂದ 500 ಮಾಡ್ತೀನಿ’ ಅಂದರು. ಮಾತು ರೇಟಿನದು, ಉತ್ತರವೂ ರೇಟಿನದು. ಕೂತಿದ್ದ ಇಬ್ಬರಿಗೂ ಹೊಸ ರೇಟು ಗೊತ್ತಾಯ್ತು.

ಮುಳ್ಳು ಮುಟ್ಟಿದರೆ ಏನಾಗುತ್ತೆ

ಕೊಂಕು ಮಾತಿಗೆ ಉತ್ತರ ಕೊಡೋದು ಯಾಕೆ ಕಷ್ಟ ಅಂದರೆ, ಆಡಿದವರಿಗೆ ತಪ್ಪಿಸಿಕೊಳ್ಳೋ ಬಾಗಿಲು ಯಾವಾಗಲೂ ತೆಗೆದಿರುತ್ತೆ. ನೀವು ‘ಏನ್ ಹಂಗಂತೀರ?’ ಅಂತ ಸಿಟ್ಟಾದ ಕ್ಷಣ ಅವರು ಅಂತಾರೆ, ‘ಅಯ್ಯೋ, ನಾನು ಹೊಗಳಿದ್ದಲ್ವಾ! ನಿನಗ್ಯಾಕೆ ಚುಚ್ತು?’ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಗಾದೆ ನಮ್ಮ ತಲೆ ಮೇಲೆ ಬೀಳುತ್ತೆ. ಸುತ್ತ ನಿಂತವರಿಗೆ ಕಾಣೋದು ಒಂದೇ: ಅವರು ಹೊಗಳಿದರು, ಇವನು ರೇಗಿದ. ಒಳಗಿದ್ದ ಮುಳ್ಳನ್ನ ಹೊರಗೆ ತೆಗೆದು ಎಲ್ಲರಿಗೂ ತೋರಿಸಿದವರು ನೀವೇ ಆಗ್ತೀರ. ತಿರುಗಿ ಒಂದು ಕೊಂಕು ಎಸೆದರೂ ಅದೇ ಕಥೆ. ನಿಮ್ಮ ಮಾತಿಗೆ ಆ ಕ್ಷಣ ನಾಲ್ಕು ಜನ ನಗಬಹುದು, ಆದರೆ ಅವರು ಹೇಳಿದ್ದು ಮರೆತುಹೋಗಿ ನೀವು ಹೇಳಿದ್ದೇ ಊರೆಲ್ಲ ಸುತ್ತುತ್ತೆ. ನಮ್ಮದು ಬೆಂಗಳೂರಲ್ಲ, ಅದೇ ಮನುಷ್ಯ ನಾಳೆ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತಿರ್ತಾರೆ.

ಹಾಗಾಗಿ ಒಂದೇ ಸಲ ಬಂದ ಮಾತಿಗೆ, ನಿಮ್ಮೊಬ್ಬರಿಗೇ ತಾಗಿದ್ದಕ್ಕೆ, ಮೇಲಿನ ಅರ್ಧಕ್ಕೆ ಮಾತ್ರ ಉತ್ತರ ಕೊಟ್ಟು ಬಿಡೋದು ವಾಸಿ. ಅದು ಸೋಲಲ್ಲ. ಒಳ್ಳೇ ಅರ್ಧವನ್ನ ನಿಮ್ಮ ಮಾತಲ್ಲಿ ಮತ್ತೆ ಹೇಳಬೇಕು, ಹೋಲಿಕೆಯನ್ನ ಅಲ್ಲೇ ಬಿಡಬೇಕು. ‘ಸಂದೀಲಿ ಕೂತ್ಕೊಂಡೂ ಚೆನ್ನಾಗಿ ಹೊಲ್ದಿದೀಯ’ ಅಂದರೆ ‘ಫಿಟ್ಟಿಂಗ್ ಸರಿ ಆಯ್ತಲ್ಲಮ್ಮ, ಖುಷಿಯಾಯ್ತು’. ಸಂದಿಯ ಸುದ್ದಿಗೆ ಹೋಗಬೇಡಿ. ‘ಏನೋ ಅಮ್ಮ, ಬಾಡಿಗೆ ಕಡಿಮೆ ಅಂತ ಇಲ್ಲಿದೀನಿ’ ಅಂತ ಸಮಜಾಯಿಷಿ ಕೊಟ್ಟಿರೋ, ಅವರ ಹೋಲಿಕೆಗೆ ನೀವೇ ಒಪ್ಪಿಗೆ ಮುದ್ರೆ ಒತ್ತಿದ ಹಾಗೆ.

ಒಪ್ಪಿಕೊಂಡೇ ಮುಗಿಸುವ ಇನ್ನೊಂದು ದಾರಿ ಒಬ್ಬ ದಿನಸಿ ಅಂಗಡಿ ಅಣ್ಣನ ಹತ್ತಿರ ಕಂಡೆ. ಅವರಲ್ಲಿ ಉದ್ರಿ ಇಟ್ಟಿರುವ ಒಬ್ಬರು ನಾಲ್ಕು ಜನರ ಮುಂದೆ, ‘ನಿನ್ ತಲೆ ಬಿಡಪ್ಪ, ಪುಸ್ತಕ ನೋಡದೇನೇ ಯಾರ್ ಬಾಕಿ ಎಷ್ಟು ಅಂತ ಹೇಳ್ಬಿಡ್ತೀಯ’ ಅಂದರು. ಜುಗ್ಗ ಅಂತ ಕರೆಯೋದಕ್ಕೆ ಇದು ಮರ್ಯಾದೆಯ ರೂಪ. ಅಣ್ಣ ಸಕ್ಕರೆ ಕಟ್ಟುತ್ತಲೇ, ‘ಹೌದಣ್ಣ, ನಿಮ್ದು 4,150 ಇದೆ’ ಅಂದರು. ದನಿಯಲ್ಲಿ ಏನೂ ಇಲ್ಲ. ಇದ್ದದ್ದನ್ನ ಹೇಳಿದರು, ಅಷ್ಟೇ. ಇದು ಎಲ್ಲರ ಕೈಲೂ ಆಗಲ್ಲ ಅಂತ ನಂಗೊತ್ತು. ನನ್ನ ಕೈಲಂತೂ ಆಗಲ್ಲ, ನಗು ಬಂದುಬಿಡುತ್ತೆ.

ಸುಮ್ಮನಿರಬಾರದ ಜಾಗ

ಆದರೆ ಅದೇ ದಿನಸಿ ಅಂಗಡಿಯಲ್ಲಿ ಇನ್ನೊಂದು ದಿನ ಬಂದ ಮಾತು ಬೇರೆ ತರದ್ದು. ‘ನಿನ್ ತಕ್ಕಡಿ ಭಾರಿ ಹುಷಾರು ಕಣಯ್ಯ, ನಿನಗೆ ಯಾವತ್ತೂ ಲಾಸ್ ಮಾಡಲ್ಲ.’ ಕೇಳೋಕೆ ತಮಾಷೆ. ಆದರೆ ಒಳಗೆ ಇರೋದು ಒಂದು ಆರೋಪ: ನೀನು ತೂಕದಲ್ಲಿ ಹೊಡೀತೀಯ ಅಂತ. ಮೇಲಿನ ಅರ್ಧಕ್ಕೆ ನಕ್ಕು ಬಿಟ್ಟರೆ, ನಿಂತಿರುವ ಬೇರೆ ಗಿರಾಕಿಗಳಿಗೆ ನಗು ಒಪ್ಪಿಗೆಯಾಗಿ ಕಾಣುತ್ತೆ. ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಬಹುದಾದ ಸಂಗತಿ ಮುಳ್ಳಿನೊಳಗೆ ಇದ್ದರೆ, ಅದಕ್ಕೆ ಅಲ್ಲೇ ಉತ್ತರ ಬೇಕು. ಆದರೆ ಜಗಳದ ರೂಪದಲ್ಲಲ್ಲ. ಅಣ್ಣ ಮಾಡಿದ್ದು ಇಷ್ಟು. ಒಳಗಿಂದ ಒಂದು ಕೆ.ಜಿ. ಬಟ್ಟು ತಂದು ತಕ್ಕಡಿ ಮೇಲೆ ಇಟ್ಟರು. ಪರದೆ ಮೇಲೆ ಒಂದು ಕೆ.ಜಿ. ಬಂತು. ‘ನೋಡಣ್ಣ, ಇಲ್ಲಿ ಸೀಲೂ ಇದೆ, ಸರ್ಟಿಫಿಕೇಟೂ ಗೋಡೆ ಮೇಲಿದೆ. ಅನುಮಾನ ಇದ್ರೆ ನಿಮ್ ಸಾಮಾನು ಇನ್ನೊಂದ್ಸಲ ತೂಗೋಣ’ ಅಂದರು. ಎಲೆಕ್ಟ್ರಾನಿಕ್ ತಕ್ಕಡಿಯನ್ನ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಸೀಲ್ ಹಾಕಿಸಬೇಕು, ಸರ್ಟಿಫಿಕೇಟ್ ಕಾಣುವ ಹಾಗೆ ಇಡಬೇಕು ಅನ್ನೋದು ಅಂಗಡಿಯವರಿಗೆ ಗೊತ್ತಿರೋದೇ. ಅದು ಅಧಿಕಾರಿಗಳಿಗೆ ತೋರಿಸೋಕೆ ಮಾತ್ರ ಅಂದುಕೊಂಡಿರ್ತೀವಿ. ಇಂಥ ಮಾತಿಗೂ ಅದಕ್ಕಿಂತ ಒಳ್ಳೇ ಉತ್ತರ ಇಲ್ಲ. ಸೀಲಿನ ಅವಧಿ ಮುಗಿದಿದ್ದರೆ ಮಾತ್ರ ಈ ಉತ್ತರ ಉಲ್ಟಾ ಹೊಡೆಯುತ್ತೆ, ಅಷ್ಟು ನೋಡಿಕೊಳ್ಳಿ.

ಸುಮ್ಮನಿರಬಾರದ ಇನ್ನೊಂದು ಜಾಗ ಅಂದರೆ ಮುಳ್ಳು ನಿಮಗಲ್ಲ, ನಿಮ್ಮ ಪಕ್ಕ ನಿಂತವರಿಗೆ ತಾಗಿದಾಗ. ಟೈಲರ್ ಅಕ್ಕ ಎಡವಿದ್ದು ಇಲ್ಲೇ. ಅದನ್ನ ಅವರೇ ಒಪ್ಪಿಕೊಂಡು ಹೇಳಿದರು, ಅದಕ್ಕೇ ಬರೀತಿದೀನಿ.

ಮೂರನೇ ಸಲ ಆ ಗಿರಾಕಿ ಬಂದಾಗ ಬ್ಲೌಸಿನ ಕೈಗೆ ಪೈಪಿಂಗ್ ಕೊಟ್ಟು ಹೊಲಿದಿದ್ದು ಕೆಲಸ ಕಲಿಯುವ ಹುಡುಗಿ. ಅಕ್ಕ ಹೆಮ್ಮೆಯಿಂದ ಅದನ್ನ ಹೇಳಿದರು. ಅಮ್ಮ ಹೊಲಿಗೆ ತಿರುಗಿಸಿ ನೋಡಿ, ‘ಪರವಾಗಿಲ್ಲ ಕಣೆ, ಅಂಥ ಮನೆ ಹುಡುಗೀಗೂ ಇಷ್ಟು ನೀಟು ಬರುತ್ತೆ ಅಂತ ನಂಗೊತ್ತಿರ್ಲಿಲ್ಲ’ ಅಂದರು. ಅಂಥ ಮನೆ ಅಂದರೆ ಏನು ಅಂತ ನಾನು ಬಿಡಿಸಿ ಬರೆಯಬೇಕಿಲ್ಲ. ಕೇರಿಯ ಹೆಸರು ಹೇಳದೇನೇ ಹೇಳುವ ಮಾತು ಅದು. ಹುಡುಗಿ ಅಲ್ಲೇ ಮಿಷಿನ್ ಮುಂದೆ ಕೂತಿದ್ದಳು. ಅಕ್ಕ ಏನೂ ತೋಚದೆ, ಅಭ್ಯಾಸದ ಮೇಲೆ, ನಕ್ಕರು.

ಮಾರನೇ ದಿನ ಹುಡುಗಿ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮೂರನೇ ದಿನ ಬಂದಳು, ತಲೆನೋವು ಅಂದಳು. ಸಂಜೆ ಬೀಗ ಹಾಕುವಾಗ ಬಾಯಿ ಬಿಟ್ಟಳು: ‘ಅಕ್ಕ, ಅವರು ಅಂದಿದ್ದು ನಂಗೇನೂ ಹೊಸದಲ್ಲ. ನೀವು ನಕ್ರಲ್ಲ.’

ಅಕ್ಕ ಲೆಕ್ಕ ಹಾಕಿದ್ದು ಗಿರಾಕಿ ಮತ್ತು ತನ್ನ ನಡುವಿನ ಮಾತು ಅಂತ. ಆದರೆ ಕೇಳಿಸಿಕೊಳ್ಳುವ ಮೂರನೆಯವರು ಇದ್ದಾಗ, ನಾವು ಸುಮ್ಮನಿದ್ದರೂ ನಕ್ಕರೂ ಅದು ಅವರಿಗೆ ಒಂದು ಉತ್ತರವಾಗಿಯೇ ತಲುಪುತ್ತೆ. ನನಗೆ ಬಿದ್ದ ಮಾತನ್ನ ನಾನು ನುಂಗಬಹುದು, ಅದು ನನ್ನ ಇಷ್ಟ. ಇನ್ನೊಬ್ಬರಿಗೆ ಬಿದ್ದಿದ್ದನ್ನ ಅವರ ಪರವಾಗಿ ನಾನು ನುಂಗೋಕೆ ಬರಲ್ಲ. ಹೆಂಡತಿ, ಮಗ, ಕೆಲಸದವರು, ಪಕ್ಕದ ಅಂಗಡಿಯವರು, ಯಾರೇ ಆಗಲಿ.

ಹೇಗೆ ಹೇಳೋದು

ಮುಳ್ಳನ್ನ ಮುಟ್ಟಲೇಬೇಕು ಅಂತ ತೀರ್ಮಾನ ಆದರೆ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು ಒಂದು ಪ್ರಶ್ನೆ. ‘ಹಂಗಂದ್ರೆ ಏನಮ್ಮ?’ ಸಿಟ್ಟಿಲ್ಲದೆ, ನಿಜವಾಗಲೂ ಗೊತ್ತಾಗದವರ ಹಾಗೆ ಕೇಳಬೇಕು. ಕೊಂಕು ಬದುಕೋದೇ ಬಿಡಿಸಿ ಹೇಳದೇ ಇರೋದರಿಂದ. ಬಿಡಿಸಿ ಹೇಳಿ ಅಂದಾಗ ಆಡಿದವರಿಗೆ ಎರಡೇ ದಾರಿ. ಒಂದೋ ‘ಏನಿಲ್ಲ ಬಿಡು, ಚೆನ್ನಾಗಿದೆ ಅಂದೆ ಅಷ್ಟೆ’ ಅಂತ ಮುಳ್ಳನ್ನ ವಾಪಸ್ ತಗೋತಾರೆ, ಇಲ್ಲಾ ನೇರವಾಗಿ ಬೈತಾರೆ. ನೇರವಾಗಿ ಬೈದರೆ ಆಗ ಸುತ್ತಲಿನವರಿಗೂ ಯಾರು ಶುರು ಮಾಡಿದ್ದು ಅಂತ ಗೊತ್ತಾಗುತ್ತೆ. ಅಕಸ್ಮಾತ್ ಅವರ ಮನಸ್ಸಲ್ಲಿ ಏನೂ ಇರಲಿಲ್ಲ, ನಾವೇ ತಪ್ಪು ತಿಳಿದಿದ್ದು ಅಂದರೆ, ಅವರು ಸಲೀಸಾಗಿ ವಿವರಿಸ್ತಾರೆ, ನಮ್ಮ ಮರ್ಯಾದೆಗೂ ಧಕ್ಕೆ ಇಲ್ಲ. ಅದಕ್ಕೇ ಅನುಮಾನ ಇರುವಾಗ ಆರೋಪಕ್ಕಿಂತ ಪ್ರಶ್ನೆ ವಾಸಿ. ಒಂದೇ ಷರತ್ತು, ದನಿ ಏರಬಾರದು. ‘ಹಂಗಂದ್ರೆ ಏನು?’ ಅನ್ನೋದನ್ನ ಸೊಂಟಕ್ಕೆ ಕೈ ಇಟ್ಟು ಕೇಳಿದರೆ ಅದೇ ಜಗಳದ ಮೊದಲ ಮಾತು.

ಜನ ತುಂಬಿರುವಾಗ ಬೇಡ ಅನ್ನಿಸಿದರೆ ಆಮೇಲೆ ಒಬ್ಬರೇ ಸಿಕ್ಕಾಗ ಹೇಳಬಹುದು. ನೆಂಟರ ವಿಷಯದಲ್ಲಿ ಇದೇ ಸರಿ. ಪ್ರತೀ ಮದುವೆಯಲ್ಲೂ ‘ಇನ್ನೂ ಚಿಕ್ಕ ಅಂಗ್ಡಿನೇ? ಆದ್ರೂ ಎಷ್ಟು ನೆಮ್ಮದಿಯಾಗಿದೀಯಪ್ಪ’ ಅನ್ನುವ ಚಿಕ್ಕಪ್ಪನಿಗೆ ಊಟದ ಪಂಕ್ತಿಯಲ್ಲಿ ಉತ್ತರ ಕೊಟ್ಟರೆ ಮದುವೆ ಮನೆಯವರಿಗೆ ನೋವು. ಇನ್ನೊಂದು ದಿನ ಮನೆಗೆ ಹೋದಾಗ, ‘ಚಿಕ್ಕಪ್ಪ, ಅಂಗ್ಡಿ ವಿಷಯ ಎಲ್ಲರ ಮುಂದೆ ಎತ್ತಬೇಡಿ, ನಂಗೆ ಬೇಜಾರಾಗುತ್ತೆ’ ಅಂದರೆ ಮುಗೀತು. ಎರಡೇ ಮಾತು. ಹಳೇ ಪಟ್ಟಿ ತೆಗೆದು ‘ಅವತ್ತು ಹಂಗಂದ್ರಿ, ಇವತ್ತು ಹಿಂಗಂದ್ರಿ’ ಅಂತ ಶುರು ಮಾಡಬಾರದು. ಮಾಡಿದರೆ ಚಿಕ್ಕಪ್ಪನ ಹತ್ತಿರ ಅದಕ್ಕಿಂತ ಉದ್ದದ ಪಟ್ಟಿ ಇರುತ್ತೆ.

ಆದರೆ ಪಕ್ಕದಲ್ಲಿರುವವರಿಗೆ ಬಿದ್ದ ಮಾತಿಗೆ ಆಮೇಲೆ ಹೇಳೋದು ಸಾಕಾಗಲ್ಲ. ಅವರ ಮುಂದೆ ಆಡಿದ್ದಕ್ಕೆ ಅವರ ಮುಂದೆಯೇ ಉತ್ತರ ಬರಬೇಕು, ಇಲ್ಲವಾದರೆ ಅವರಿಗೆ ಅದು ಬಂತು ಅಂತಲೇ ಗೊತ್ತಾಗಲ್ಲ.

ಅಕ್ಕನಿಗೆ ಇನ್ನೊಂದು ಅವಕಾಶ ಸಿಕ್ಕಿತು. ತಿಂಗಳಾದ ಮೇಲೆ ಅದೇ ಅಮ್ಮ ಫಾಲ್ಸ್ ಹಾಕಿಸಿದ ಸೀರೆ ತಗೊಳ್ಳೋಕೆ ಬಂದರು. ‘ಇದನ್ನೂ ಆ ಹುಡುಗೀನೇ ಮಾಡಿದ್ದಾ? ಪರವಾಗಿಲ್ವೇ, ಅವರಲ್ಲೂ ಬುದ್ಧಿವಂತರಿದಾರೆ’ ಅಂದರು. ಅಕ್ಕ ಈ ಸಲ ನಗಲಿಲ್ಲ. ಕತ್ತರಿ ಕೆಳಗಿಟ್ಟು, ‘ಅಮ್ಮ, ಕೆಲಸ ಚೆನ್ನಾಗಿದ್ರೆ ಅವಳಿಗೇ ಹೇಳಿ, ಇಲ್ಲೇ ಕೂತಿದಾಳೆ. ಅವಳ ಮನೆ ಮಾತು ಬೇಡ’ ಅಂದರು.

‘ಅಯ್ಯೋ, ನಾನು ಹೊಗಳಿದ್ದು ಕಣೆ!’

‘ಹೊಗಳಿದ್ದು ಕೇಳಿಸ್ತಮ್ಮ. ಅದನ್ನೇ ಅವಳಿಗೆ ಹೇಳಿ ಅಂತಿದೀನಿ.’

ಇದರಲ್ಲಿ ಎರಡು ಸಂಗತಿ ಗಮನಿಸಿ. ನೀವು ಜಾತಿ ಮಾತಾಡಿದಿರಿ ಅಂತ ಅಕ್ಕ ಆರೋಪ ಮಾಡಲಿಲ್ಲ. ಮಾಡಿದ್ದರೆ ‘ನಾನು ಹಂಗಂದ್ನಾ?’ ಅಂತ ಅರ್ಧ ಗಂಟೆ ನಡೀತಿತ್ತು. ಯಾವ ಮಾತು ಬೇಡ ಅನ್ನೋದನ್ನ ಮಾತ್ರ ಹೇಳಿದರು. ಎರಡನೇದು, ‘ಹೊಗಳಿದ್ದು’ ಅಂತ ತಪ್ಪಿಸಿಕೊಳ್ಳೋ ಬಾಗಿಲಿಗೆ ಅಮ್ಮ ಓಡಿದಾಗ, ಅಕ್ಕ ಅಡ್ಡ ನಿಲ್ಲಲಿಲ್ಲ. ಸರಿ, ಹೊಗಳಿದ್ದೇ ಅಂತ ಒಪ್ಪಿಕೊಂಡು ಹೊಗಳಿಕೆಯನ್ನ ಸೇರಬೇಕಾದವಳ ಕಡೆ ತಿರುಗಿಸಿದರು. ಹೀಗೆ ಮಾಡಿದರೆ ಎದುರಿನವರು ಮರ್ಯಾದೆ ಉಳಿಸಿಕೊಂಡೇ ಹಿಂದೆ ಸರಿಯಬಹುದು.

ಬೆಲೆ ಇಲ್ಲದೆ ಏನೂ ಬರಲ್ಲ. ಆ ಅಮ್ಮ ಅವತ್ತು ಹುಡುಗಿಗೆ ಏನೂ ಹೇಳಲಿಲ್ಲ. ಸೀರೆ ಕವರಿಗೆ ಹಾಕಿಕೊಂಡು ಹೋದವರು ಮೂರು ತಿಂಗಳು ಈ ಕಡೆ ಬರಲಿಲ್ಲ. ಅವರ ಜೊತೆ ಬರುತ್ತಿದ್ದ ಇನ್ನೊಬ್ಬರೂ ನಿಂತರು. ಅಕ್ಕ ಲೆಕ್ಕ ಹಾಕಿದರೆ ಒಂದೆರಡು ಸಾವಿರದ ಕೆಲಸ ಹೋಯ್ತಂತೆ. ‘ಬೇಜಾರಿಲ್ವಾ ಅಕ್ಕ?’ ಅಂದೆ. ‘ಇದೆ. ಅವಳು ಬಿಟ್ಟು ಹೋಗಿದ್ರೆ ಎಷ್ಟು ಹೋಗ್ತಿತ್ತು ಅಂತಾನೂ ಲೆಕ್ಕ ಹಾಕಿದೀನಿ’ ಅಂದರು.

ಗೌರಿ ಹಬ್ಬಕ್ಕೆ ವಾರ ಇದೆ ಅನ್ನುವಾಗ ಆ ಅಮ್ಮ ಎರಡು ಬ್ಲೌಸ್ ಪೀಸ್ ಹಿಡಿದುಕೊಂಡು ವಾಪಸ್ ಬಂದರು. ಅಳತೆ ತಗೊಂಡಿದ್ದು ಹುಡುಗಿಯೇ. ತೋಳು ಎತ್ತಿ ಅಂದಾಗ ಎತ್ತಿದರು, ಉಸಿರು ಬಿಡಿ ಅಂದಾಗ ಬಿಟ್ಟರು. ಹಬ್ಬದ ಹಿಂದಿನ ದಿನ ಬಂದು ಹಾಕಿ ನೋಡಿದರು, ಎರಡಕ್ಕೆ ಸಾವಿರ ರೂಪಾಯಿ ಎಣಿಸಿ ಕೊಟ್ಟರು, ಹೋದರು.

ಹುಡುಗಿ ಬಾಗಿಲ ತನಕ ನೋಡಿ, ‘ಅಕ್ಕ, ಇವತ್ತು ಏನೂ ಅನ್ಲೇ ಇಲ್ವಲ್ಲ’ ಅಂದಳಂತೆ.